ಮೋತಿ ಹೋದ ಮನೆಗೆ ಏನಂತ ಬರೆಯೋದು?

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಕಾಕು ಇದ್ದಾರೆ. ರಿಟೈರ್ ಆದ ಟೀಚರ್. ಕಾಕಾ ತೀರಿಕೊಂಡು ಆರು ವರ್ಷ ಆಯಿತು, ಮಗ ಪುಣೆಯಲ್ಲಿ. ಮನೆಯಲ್ಲಿ ಇದ್ದದ್ದು ಕಾಕು ಮತ್ತು ಮೋತಿ. ಮೋತಿ ಅಂದರೆ ಕಂದು ಬಣ್ಣದ ನಾಟಿ ನಾಯಿ. ಕಾಕಾ ಮಳೆಯಲ್ಲಿ ಎತ್ತಿಕೊಂಡು ಬಂದದ್ದು. ಹದಿಮೂರು ವರ್ಷ ಬದುಕಿತ್ತು.

ಮೋತಿ ಹೋದ ದಿನ ನಾನು ಕಾಕುಗೆ ಒಂದು ಮೆಸೇಜ್ ಹಾಕಿದೆ. “ಮೋತಿಯ ಆತ್ಮಕ್ಕೆ ಶಾಂತಿ ಸಿಗಲಿ. ಧೈರ್ಯ ತಗೋರಿ ಕಾಕು. ನಮ್ಮ ಗೆಳೆಯನ ಮನ್ಯಾಗ ಮರಿ ಹಾಕ್ಯಾವು, ಒಂದ್ ತಂದ್ಕೊಡ್ಲೇನು?” ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಒಂದು ವಾರ ಆದರೂ ಬರಲಿಲ್ಲ. ಹಾಲಿನ ಅಂಗಡಿಯಲ್ಲಿ ಸಿಕ್ಕಾಗ ಮುಖ ತಿರುಗಿಸಿದರು. ಆಗ ಗೊತ್ತಾಯಿತು, ನಾನು ಬರೆದ ಮೂರು ವಾಕ್ಯದಲ್ಲಿ ಮೂರೂ ತಪ್ಪು ಅಂತ. ಅದನ್ನು ಸರಿ ಮಾಡಲು ಹೋಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನುಷ್ಯರು ಹೋದಾಗ ಅರ್ಧ ಕೆಲಸ ರೂಢಿ ಮಾಡುತ್ತದೆ

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಏನು ಮಾತಾಡಬೇಕು ಅಂತ ಯಾರೂ ಹೆಚ್ಚು ಯೋಚಿಸುವುದಿಲ್ಲ. ಮಣ್ಣಿಗೆ ಹೋಗುತ್ತೇವೆ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಓಣಿಯವರು ಊಟ ಕಳಿಸುತ್ತಾರೆ. ಆಮೇಲೆ ‘ಮಾತಾಡಿಸಿ ಬರೋದು’ ಅಂತ ಒಂದಿದೆ. ಹೆಸರು ಮಾತಾಡಿಸೋದು ಅಂತ ಇದ್ದರೂ ಅಲ್ಲಿ ಮಾತು ಕಡಿಮೆ. ಜಮಖಾನೆ ಮೇಲೆ ಕೂತು, “ಹೆಂಗಾತ್ರಿ?” ಅಂತ ಒಂದು ಸಲ ಕೇಳಿ, ಹತ್ತು ನಿಮಿಷ ಸುಮ್ನೆ ಕೂತು ಎದ್ದು ಬಂದರೂ ಸಾಕು. ಆಫೀಸಿನಲ್ಲಿ ರಜೆ ಸಿಗುತ್ತದೆ. ಹದಿಮೂರು ದಿನ ಆ ಮನೆಯವರು ಅತ್ತರೂ, ಸಿಟ್ಟಾದರೂ, ಫೋನ್ ತೆಗೆಯದಿದ್ದರೂ ಯಾರೂ ತಪ್ಪು ತಿಳಿಯುವುದಿಲ್ಲ.

ನಾಯಿ ಬೆಕ್ಕು ಸತ್ತರೆ ಇದ್ಯಾವುದೂ ಇಲ್ಲ. ಬೆಳಿಗ್ಗೆ ಹಿತ್ತಲಲ್ಲಿ ಮಣ್ಣು ಮಾಡಿ ಹತ್ತು ಗಂಟೆಗೆ ಆಫೀಸಿಗೆ ಹೋಗಬೇಕು. ಕಣ್ಣು ಕೆಂಪಾಗಿದ್ದು ಯಾಕೆ ಅಂದರೆ “ನೆಗಡಿ” ಅನ್ನಬೇಕು. ಅಮೆರಿಕದ ಕೆನೆತ್ ಡೋಕಾ ಎಂಬ ಸಂಶೋಧಕರು 1980ರ ದಶಕದಲ್ಲಿ ಇಂಥ ದುಃಖಕ್ಕೆ ಒಂದು ಹೆಸರು ಕೊಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಅಳೋಕೆ ಹಕ್ಕಿಲ್ಲದ ದುಃಖ’. ಸಮಾಜ ಅದನ್ನು ದುಃಖ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಅನುಭವಿಸುವವರು ನೋವಿನ ಜೊತೆಗೆ ನಾಚಿಕೆಯನ್ನೂ ಹೊರಬೇಕಾಗುತ್ತದೆ.

ಆದರೆ ಇದು ಪ್ರಾಣಿ ಅನ್ನೋ ಕಾರಣಕ್ಕಲ್ಲ, ರೂಢಿ ಇಲ್ಲ ಅನ್ನೋ ಕಾರಣಕ್ಕೆ. ಹಾವೇರಿ ಕಡೆ ಹೋಗಿ ನೋಡಿ. ಕೊಬ್ಬರಿ ಹೋರಿ ಹಬ್ಬದಲ್ಲಿ ಹೆಸರು ಮಾಡಿದ ಹೋರಿ ಸತ್ತರೆ ಹಾರ ಹಾಕಿ, ಮೆರವಣಿಗೆ ಮಾಡಿ, ಊರವರೆಲ್ಲ ಸೇರಿ ಮಣ್ಣು ಮಾಡುತ್ತಾರೆ. ಅಲ್ಲಿ ಹೋರಿ ಸಾಕಿದವನು ಬಿಕ್ಕಿ ಬಿಕ್ಕಿ ಅತ್ತರೆ ಯಾರೂ ನಗುವುದಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಸುಮಾರು ಕ್ರಿ.ಶ. 950ರ ಶಾಸನ ಇದೆ. ಕಾಳಿ ಅನ್ನೋ ಬೇಟೆನಾಯಿ ಕಾಡುಹಂದಿ ಜೊತೆ ಕಾದಾಡಿ ಸತ್ತಿತು. ಅದರ ಒಡೆಯ ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿ ಮಾಡಿದ ಪಾಪ ತಟ್ಟಲಿ ಅಂತಲೂ ಬರೆಸಿದ. ಸಾವಿರ ವರ್ಷದ ಹಿಂದೆ ಇಷ್ಟು ಮಾಡಿದವರ ನಾಡಿನಲ್ಲಿ ನಾವು “ಬರೇ ನಾಯಿ ಅಲ್ಲೇನ್ರೀ” ಅಂತೀವಿ.

ಬೇರೆ ಸಾಂತ್ವನಕ್ಕೂ ಇದಕ್ಕೂ ಇರುವ ಮೊದಲ ವ್ಯತ್ಯಾಸ ಇದೇ. ಮನುಷ್ಯರು ಹೋದಾಗ ನಿಮ್ಮ ಮೆಸೇಜ್ ನೂರರಲ್ಲಿ ಒಂದು. ಸ್ವಲ್ಪ ಒಣಕಲಾಗಿದ್ದರೂ ನಡೆಯುತ್ತದೆ. ನಾಯಿ ಹೋದಾಗ ಬರುವುದೇ ಎರಡೋ ಮೂರೋ. ಅದರಲ್ಲಿ ನಿಮ್ಮದೂ ಒಂದು.

ಬರೆಯುವ ಮೊದಲು: ಹೆಸರು ಮತ್ತು ಕಾರಣ

ಫೋನ್ ಕೈಗೆ ತಗೊಳ್ಳುವ ಮೊದಲು ಎರಡು ಸಂಗತಿ ತಿಳಿದುಕೊಳ್ಳಿ. ಪ್ರಾಣಿಯ ಹೆಸರು ಏನು, ಅದು ಹೇಗೆ ಹೋಯಿತು. ಇದನ್ನು ದುಃಖದಲ್ಲಿರುವವರನ್ನೇ ಕೇಳಬೇಡಿ. ಪಕ್ಕದ ಮನೆಯವರನ್ನೋ ಅವರ ಮಕ್ಕಳನ್ನೋ ಕೇಳಿ.

ಹೆಸರು ಯಾಕೆ ಅಂದರೆ, “ನಿಮ್ಮ ನಾಯಿ” ಅಂತ ಬರೆದರೆ ಅದು ಯಾವುದೋ ಒಂದು ನಾಯಿ ಆಗಿಬಿಡುತ್ತದೆ. “ಮೋತಿ” ಅಂತ ಬರೆದರೆ ನಿಮಗೂ ಪರಿಚಯ ಇದ್ದ ಜೀವ ಆಗುತ್ತದೆ.

ಕಾರಣ ಗೊತ್ತಿರಬೇಕಾದ್ದು ಅದನ್ನು ಬರೆಯಲಿಕ್ಕಲ್ಲ. ಯಾವ ಮಾತು ಚುಚ್ಚಬಹುದು ಅಂತ ತಿಳಿಯಲು. ವಯಸ್ಸಾಗಿ ಹೋದದ್ದು, ಗಾಡಿಗೆ ಸಿಕ್ಕಿದ್ದು, ಇಂಜೆಕ್ಷನ್ ಕೊಡಿಸಿ ಮಲಗಿಸಿದ್ದು, ಈ ಮೂರಕ್ಕೂ ಒಂದೇ ಮಾತು ಹೊಂದುವುದಿಲ್ಲ. ನಾನು ಮೊದಲ ಮೆಸೇಜ್ ಹಾಕುವಾಗ ಮೋತಿಗೆ ಏನಾಯಿತು ಅಂತಲೇ ಕೇಳಿರಲಿಲ್ಲ. ವಯಸ್ಸಾಗಿತ್ತು, ಹೋಯಿತು ಅಂದುಕೊಂಡಿದ್ದೆ. ನಿಜವಾಗಿ ಅದಕ್ಕೆ ಕಿಡ್ನಿ ಕೆಟ್ಟಿತ್ತು. ಐದು ದಿನ ಸಲೈನ್ ಹಚ್ಚಿದರೂ ಏಳಲಿಲ್ಲ. ಕೊನೆಗೆ ಇಂಜೆಕ್ಷನ್ ಕೊಡಿಸುವ ನಿರ್ಧಾರವನ್ನು ಕಾಕು ಒಬ್ಬರೇ ತಗೊಂಡಿದ್ದರು. ಅಂಥವರಿಗೆ ನಾನು “ಧೈರ್ಯ ತಗೋರಿ” ಅಂದಿದ್ದೆ.

‘ಅದು’ ಬೇಕೋ ‘ಅವನು’ ಬೇಕೋ

ಈ ತೊಡಕು ಕನ್ನಡದಲ್ಲೇ ಇದೆ. ನಮ್ಮ ವ್ಯಾಕರಣದಲ್ಲಿ ಪ್ರಾಣಿ ಅಂದರೆ ‘ಅದು’. ಆದರೆ ಸಾಕಿದ ಮನೆಯಲ್ಲಿ “ಮೋತಿ ಬಂದಾ ನೋಡು”, “ಪಿಂಕಿ ಸಿಟ್ಟಾಗ್ಯಾಳ” ಅಂತಲೇ ಮಾತು. ನೀವು “ಅದು ಸತ್ತಿದ್ದು ಕೇಳಿ ಬೇಜಾರಾಯ್ತು” ಅಂತ ಬರೆದರೆ ವ್ಯಾಕರಣ ಸರಿ, ಮೆಸೇಜ್ ತಪ್ಪು.

ಮನೆಯವರು ಹೇಗೆ ಕರೆಯುತ್ತಿದ್ದರೋ ನೀವೂ ಹಾಗೇ ಕರೆಯಿರಿ. ಗೊತ್ತಿಲ್ಲದಿದ್ದರೆ ಅವನು, ಅದು ಎರಡನ್ನೂ ಬಿಟ್ಟು ಹೆಸರನ್ನೇ ಬಳಸಿ. “ಮೋತಿ ಇನ್ನಿಲ್ಲ ಅಂತ ಕೇಳಿದೆ” ಅಂದರೆ ಎಲ್ಲೂ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಸಾವಿಗೆ ಬಳಸುವ ಪದವೂ ಹಾಗೆಯೇ. ‘ಸತ್ತಿತು’ ಒರಟು. ಅದರ ಎದುರು ‘ಲಿಂಗೈಕ್ಯ’, ‘ಕೈಲಾಸವಾಸಿ’, ‘ಸ್ವರ್ಗಸ್ಥ’ ಅಂತೆಲ್ಲ ಬರೆದರೆ ಓದುವವರಿಗೆ ಇವರು ಚೇಷ್ಟೆ ಮಾಡುತ್ತಿದ್ದಾರೆ ಅನಿಸುತ್ತದೆ. ನನ್ನ “ಆತ್ಮಕ್ಕೆ ಶಾಂತಿ ಸಿಗಲಿ” ಕೂಡ ಅದೇ ಜಾತಿ. ತಪ್ಪೇನಿಲ್ಲ, ಆದರೆ ಫಾರ್ವರ್ಡ್ ಮೆಸೇಜಿನ ವಾಸನೆ. ನಡುವಿನ ಪದ ಒಂದಿದೆ: ಹೋದ. “ಮೋತಿ ಹೋದ ಅಂತ ಗೊತ್ತಾತು.” ಮನುಷ್ಯರಿಗೂ ನಾವು ದುಃಖದಲ್ಲಿ ಇದನ್ನೇ ಅನ್ನುವುದು, ಅಲ್ವಾ?

ಒಂದು ನೆನಪು, ನೀವೇ ಕಂಡದ್ದು

ಮನುಷ್ಯರು ಹೋದಾಗ ಗುಣ ಹೇಳುತ್ತೇವೆ. ದೊಡ್ಡ ಮನುಷ್ಯ, ಕೊಡುಗೈ, ಯಾರಿಗೂ ಕೆಟ್ಟದ್ದು ಬಯಸಲಿಲ್ಲ ಅಂತ. ನಾಯಿಗೆ ಇದು ಹೊಂದುವುದಿಲ್ಲ. “ಬಹಳ ನಿಯತ್ತಿನ ನಾಯಿ” ಅಂದರೆ ಎಲ್ಲ ನಾಯಿಗೂ ಹೇಳುವ ಮಾತು.

ಅದರ ಬದಲು ಒಂದು ಚಿತ್ರ ಕೊಡಿ. ಮೋತಿಗೆ ಸಿಲಿಂಡರ್ ಗಾಡಿಯ ಸದ್ದು ಅಂದರೆ ಆಗುತ್ತಿರಲಿಲ್ಲ. ಗಾಡಿ ತಿರುವಿಗೆ ಬರುವ ಮೊದಲೇ ಕಾಂಪೌಂಡ್ ಮೇಲೆ ಎರಡು ಕಾಲಿಟ್ಟು ನಿಂತು ಬೊಗಳುತ್ತಿದ್ದ. ನಾವು ಅವನ ಬೊಗಳು ಕೇಳಿ ಖಾಲಿ ಸಿಲಿಂಡರ್ ಹೊರಗೆ ಇಡುತ್ತಿದ್ದೆವು. ಇದನ್ನು ನಾನು ಎರಡನೇ ಮೆಸೇಜಿನಲ್ಲಿ ಬರೆದೆ. ಅಷ್ಟೇ, ಎರಡು ಸಾಲು. ಸಾಕಿದವರಿಗೆ ತಮ್ಮ ಪ್ರಾಣಿ ತಮ್ಮೊಬ್ಬರ ಕಣ್ಣಿಗೆ ಮಾತ್ರ ಕಂಡಿತ್ತೇನೋ ಅನ್ನೋ ಸಂಶಯ ಇರುತ್ತದೆ. ಬೇರೆಯವರೂ ನೋಡಿದ್ದರು ಅಂತ ಗೊತ್ತಾದರೆ ಅದು ದೊಡ್ಡದು.

ನೀವು ಆ ಪ್ರಾಣಿಯನ್ನು ಕಂಡೇ ಇಲ್ಲವಾದರೆ ನೆನಪು ಹುಟ್ಟಿಸಬೇಡಿ. “ನಾನು ಪಿಂಕಿನ ನೋಡಿಲ್ಲ, ಆದ್ರ ನೀವು ಆಕಿ ಬಗ್ಗೆ ಹೇಳ್ತಿದ್ದದ್ದು ಎಲ್ಲಾ ನೆನಪೈತಿ” ಅಂದರೆ ಸಾಕು.

“ನಾನೇ ಕೊಂದೆ” ಅಂದಾಗ

ಎರಡನೇ ದೊಡ್ಡ ವ್ಯತ್ಯಾಸ ಇಲ್ಲಿದೆ. ಮನುಷ್ಯರ ಸಾವನ್ನು ನಾವು ದೇವರ ಇಚ್ಛೆ, ಹಣೆಬರಹ ಅಂತ ಮೇಲಕ್ಕೆ ದಾಟಿಸುತ್ತೇವೆ. ಪ್ರಾಣಿಯ ಸಾವಿನಲ್ಲಿ ಬಹಳ ಸಲ ನಿರ್ಧಾರ ಸಾಕಿದವರದೇ. ಎಷ್ಟು ದಿನ ಸಲೈನ್, ಎಷ್ಟು ಖರ್ಚು, ಯಾವಾಗ ಸಾಕು ಅನ್ನೋದು. ಆ ಪ್ರಾಣಿಗೆ ಬಾಯಿಲ್ಲ, ಒಪ್ಪಿಗೆ ಕೇಳಲು ಆಗುವುದಿಲ್ಲ. ಹಾಗಾಗಿ ಸಾಕಿದವರ ತಲೆಯಲ್ಲಿ ಒಂದು ಕೋರ್ಟ್ ನಡೆಯುತ್ತಲೇ ಇರುತ್ತದೆ.

ಕಾಕು ಕೊನೆಗೂ ನನ್ನ ಜೊತೆ ಮಾತಾಡಿದಾಗ ಹೇಳಿದ್ದು ಇದು: “ನಾನಽ ಕೊಂದೆ ನೋಡಪ್ಪಾ ಅವನ್ನ. ಕೊನೀಗೆ ಒಂದ್ ಸಲ ಜೋರಾಗಿ ಉಸಿರು ಎಳಕೊಂಡ. ಕಣ್ಣು ತಗದಽ ಇತ್ತು. ನನ್ನ ನೋಡಕೋತ ಹೋದ.”

ಇಲ್ಲಿ ಎಲ್ಲರ ಬಾಯಿಂದ ಬರೋದು “ಹಂಗ ಅನಬ್ಯಾಡ್ರಿ” ಅನ್ನೋ ಮಾತು. ಅದರಿಂದ ಏನೂ ಆಗುವುದಿಲ್ಲ. ಬಾಯಿ ಮುಚ್ಚಿಸಿದ ಹಾಗೆ ಆಗುತ್ತದೆ. ಇಲ್ಲಿ ಬೇಕಾದ್ದು ಮಾಹಿತಿ. ನಾನು ಪರಿಚಯದ ಪಶುವೈದ್ಯರೊಬ್ಬರನ್ನು ಕೇಳಿದೆ. ಅವರು ಬಿಡಿಸಿ ಹೇಳಿದ್ದು ಹೀಗೆ.

ಸಾಮಾನ್ಯವಾಗಿ ಮೊದಲು ಮಂಪರು ಬರಿಸುವ ಔಷಧ ಕೊಡುತ್ತಾರೆ. ಆಮೇಲೆ ರಕ್ತನಾಳಕ್ಕೆ ಕೊಡುವುದು ಆಪರೇಷನ್ನಿಗೆ ಬಳಸುವಂಥ ಅರಿವಳಿಕೆಯನ್ನೇ, ಆದರೆ ಬಹಳ ಹೆಚ್ಚಿನ ಪ್ರಮಾಣದಲ್ಲಿ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಉಸಿರು, ಹೃದಯ ನಿಲ್ಲುವುದು ಅದಾದ ಮೇಲೆ. ಕೆಲವು ಸಲ ಕೊನೆಯಲ್ಲಿ ಜೋರು ಉಸಿರು ಬಂದ ಹಾಗೆ ಕಾಣುತ್ತದೆ, ಕಾಲು ಅದುರುತ್ತದೆ, ಮೂತ್ರ ಹೋಗುತ್ತದೆ. ಇವು ಸ್ನಾಯುಗಳ ಕೆಲಸ, ನೋವಲ್ಲ. ಪ್ರಜ್ಞೆ ಆಗಲೇ ಹೋಗಿರುತ್ತದೆ. ಇನ್ನು ಕಣ್ಣು. ನಾಯಿ ಬೆಕ್ಕು ಸತ್ತಾಗ ಕಣ್ಣು ತಾನಾಗಿ ಮುಚ್ಚುವುದಿಲ್ಲ, ತೆರೆದೇ ಇರುತ್ತದೆ.

ಇದನ್ನು ಕಾಕುಗೆ ಹೇಳಿದೆ. “ಕಾಕು, ಕಣ್ಣು ತಗದಿದ್ದು ನಿಮ್ಮನ್ನ ನೋಡ್ಲಿಕ್ಕಲ್ಲ. ನಾಯಿಗೋಳ ಕಣ್ಣು ತಾನಽ ಮುಚ್ಚೂದಿಲ್ಲಂತ. ಆ ಉಸಿರು ಬಂದಾಗ ಮೋತಿಗೆ ಖಬರಽ ಇರಲಿಲ್ಲ. ಅದಕ್ಕಿಂತ ಮೊದಲು, ಖಬರ್ ಇದ್ದಾಗ ಕೊನೀಗೆ ಕೇಳಿದ್ದು ನಿಮ್ಮ ದನಿ.” ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಮೊದಲಽ ಗೊತ್ತಾಗಬೇಕಿತ್ತಲ್ಲಾ. ನೀರು ಜಾಸ್ತಿ ಕುಡೀತಿದ್ದ. ಬ್ಯಾಸಗಿ ಅಂತ ಬಿಟ್ಟೆ.”

ಇದಕ್ಕೂ ಉತ್ತರ ಇದೆ. ಕಿಡ್ನಿಯ ಕೆಲಸ ಮೂರರಲ್ಲಿ ಎರಡು ಪಾಲು ನಿಂತುಹೋಗುವ ತನಕ ನಾಯಿಯಲ್ಲಿ ಹೊರಗೆ ಏನೂ ಎದ್ದು ಕಾಣುವುದಿಲ್ಲ. ನೀರು ಜಾಸ್ತಿ ಕುಡಿಯಲು ಶುರು ಮಾಡುವುದೇ ಅಲ್ಲಿಂದ. ಅಂದರೆ ಕಾಕು ಮೊದಲ ಲಕ್ಷಣ ನೋಡಿದಾಗಲೇ ಬಹುಪಾಲು ಹಾನಿ ಆಗಿಹೋಗಿತ್ತು. ಒಂದು ವಾರ ಮೊದಲು ಡಾಕ್ಟರ ಹತ್ತಿರ ಹೋಗಿದ್ದರೆ ಸ್ವಲ್ಪ ದಿನ ಸಿಗುತ್ತಿತ್ತೇನೋ. ಹೋದ ಕಿಡ್ನಿ ವಾಪಸ್ ಬರುತ್ತಿರಲಿಲ್ಲ. ನಾನು “ಏನೂ ಫರಕ್ ಆಗ್ತಿರಲಿಲ್ಲ” ಅಂತ ಪೂರ್ತಿ ಅಳಿಸಿ ಹಾಕಲಿಲ್ಲ. ಇದ್ದದ್ದನ್ನು ಇದ್ದಷ್ಟೇ ಹೇಳಿದೆ.

ಎರಡು ಎಚ್ಚರ. ಒಂದು, ಈ ಮಾಹಿತಿಯನ್ನು ಅವರಾಗಿ ಕೇಳುವ ಮೊದಲೇ ಕೊಡಬೇಡಿ. ಮೊದಲ ಮೆಸೇಜಿನಲ್ಲಂತೂ ಬೇಡವೇ ಬೇಡ. ಇನ್ನೊಂದು, ನಿಮಗೆ ಗೊತ್ತಿಲ್ಲದ ರೋಗದ ಬಗ್ಗೆ ಊಹೆ ಮಾಡಿ ಸಮಾಧಾನ ಹೇಳಬೇಡಿ. ಅವರು ರಾತ್ರಿ ಗೂಗಲ್ ಮಾಡುತ್ತಾರೆ. ನಿಮ್ಮ ಮಾತು ಸುಳ್ಳು ಅಂತ ಗೊತ್ತಾದರೆ ಉಳಿದದ್ದನ್ನೂ ನಂಬುವುದಿಲ್ಲ. ಅದರ ಬದಲು ನೋಡಿದ ಡಾಕ್ಟರ ಹತ್ತಿರ ಇನ್ನೊಂದು ಸಲ ಹೋಗಿ ಕೇಳಲು ಹೇಳಿ, ಬೇಕಾದರೆ ಜೊತೆಗೆ ಹೋಗಿ.

ತಪ್ಪು ನಿಜವಾಗಿ ಆಗಿದ್ದರೆ

ಗದಗ-ಬೆಟಗೇರಿಯಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ. ಅವಸರದಲ್ಲಿ ಗೇಟ್ ಚಿಲಕ ಹಾಕಲು ಮರೆತ. ಮೂರು ವರ್ಷದ ನಾಯಿ ರಸ್ತೆಗೆ ಓಡಿ ಟೆಂಪೋಗೆ ಸಿಕ್ಕಿತು. ಅವನಿಗೆ ಎಲ್ಲರೂ “ನಿಂದೇನೂ ತಪ್ಪಿಲ್ಲ ಬಿಡಲೇ” ಅಂದರು. ಅವನು ಇನ್ನೂ ಕುಗ್ಗಿಹೋದ. ಯಾಕೆಂದರೆ ಚಿಲಕ ಹಾಕದೆ ಇದ್ದದ್ದು ಅವನೇ, ಅದು ಅವನಿಗೆ ಗೊತ್ತು. ಎಲ್ಲರೂ ಸುಳ್ಳು ಹೇಳುತ್ತಿದ್ದಾರೆ ಅಂದಮೇಲೆ ನಿಜ ಅಷ್ಟು ಭಯಂಕರ ಇರಬೇಕು ಅಂತ ಅವನ ಲೆಕ್ಕ.

ಇಂಥ ಕಡೆ ತಪ್ಪನ್ನು ಅಲ್ಲಗಳೆಯಬೇಡಿ. ಅದನ್ನು ಇದ್ದಷ್ಟಕ್ಕೆ ಇಳಿಸಿ. ನಾನು ಅಂದದ್ದು: “ಹೌದು, ಚಿಲಕ ಹಾಕೂದು ಮರತಿ. ನಾನೂ ಎಷ್ಟು ಸಲ ಮರತೇನಿ. ನಮ್ಮನಿ ಮುಂದ ಆ ಹೊತ್ತಿಗೆ ಟೆಂಪೋ ಬರಲಿಲ್ಲ, ಅಷ್ಟಽ.” ಅವನು ಅತ್ತ. ಆಮೇಲೆ ಎರಡು ತುತ್ತು ಉಂಡ.

ಅಳಿಸಿ ಹಾಕಬೇಕಾದ ಸಾಲುಗಳು

“ಬೇರೆ ಮರಿ ತಗೋರಿ.” ಗಂಡ ಹೋದ ಹೆಂಗಸಿಗೆ ಹದಿಮೂರನೇ ದಿನ ಬೇರೆ ಗಂಡು ನೋಡ್ತೀನಿ ಅಂತೀವೇನು? ಬೇರೆ ಮರಿ ತರಬೇಕೋ ಬೇಡವೋ, ತಂದರೆ ಯಾವಾಗ, ಅದು ಪೂರ್ತಿ ಅವರ ವಿಚಾರ. ಅವರೇ ಮಾತು ತೆಗೆದರೆ ಕೇಳಿಸಿಕೊಳ್ಳಿ. ಹೇಳದೆ ಮರಿ ತಂದು ಬಾಗಿಲಲ್ಲಿ ಇಡುವವರೂ ಇದ್ದಾರೆ, ಅವರಿಗೆ ಏನು ಹೇಳಬೇಕೋ ತಿಳಿಯದು.

“ಬಾಳ ದಿನ ಬಾಳ್ತು ಬಿಡ್ರಿ.” ಹದಿಮೂರು ವರ್ಷ ನಾಯಿಗೆ ತುಂಬಿದ ವಯಸ್ಸು, ನಿಜ. ಆದರೆ ಹದಿಮೂರು ವರ್ಷ ಅಂದರೆ ಹದಿಮೂರು ವರ್ಷದ ಅಭ್ಯಾಸ.

“ಮನುಷ್ಯಾರಽ ಹೊಕ್ಕಾರ, ಇದೇನು.” ಇದಕ್ಕೆ ವಿವರಣೆ ಬೇಕಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೆ “ಮಲಗ್ಯಾನ”, “ಊರಿಗೆ ಹೋಗ್ಯಾನ” ಅಂತ ನೀವು ಹೊರಗಿನವರು ಹೇಳಲು ಹೋಗಬೇಡಿ. ಮಲಗಿದ್ದು ಏಳುತ್ತದೆ, ಊರಿಗೆ ಹೋದದ್ದು ಬರುತ್ತದೆ ಅಂತ ಮಗು ಕಾಯುತ್ತದೆ. ಕೆಲವು ಮಕ್ಕಳಿಗೆ ರಾತ್ರಿ ಮಲಗಲೂ ಭಯ ಶುರುವಾಗುತ್ತದೆ. ಸತ್ತ, ಇನ್ನು ಬರೋದಿಲ್ಲ ಅಂತ ತಂದೆತಾಯಿಯೇ ನೇರ ಹೇಳುವುದು ಒಳ್ಳೆಯದು. ದೊಡ್ಡವರಿಗೆ ಒರಟಾಗಿ ಕೇಳುವ ಪದ ಮಗುವಿಗೆ ಸ್ಪಷ್ಟವಾಗಿ ಕೇಳುತ್ತದೆ.

ಕೊನೆಗೆ ಕಳಿಸಿದ ಮೆಸೇಜ್

ಮೊದಲ ಮೆಸೇಜ್ ಕೆಟ್ಟ ಮೇಲೆ, ಎಂಟನೇ ದಿನ ನಾನು ಕಾಕುಗೆ ಕಳಿಸಿದ್ದು ಇದು. ಇದೇ ಆದ ಮೇಲೆ ಅವರು ಫೋನ್ ಮಾಡಿದ್ದು.

“ಕಾಕು, ಅವತ್ತು ನಾ ಬೇರೆ ಮರಿ ವಿಷಯ ಬರದದ್ದು ತಪ್ಪಾತು. ಮೋತಿ ಇಲ್ಲದ ಓಣಿ ನಮಗೂ ಒಂಥರಾ ಆಗೇದ. ನಿನ್ನೆ ಸಿಲಿಂಡರ್ ಗಾಡಿ ಬಂದು ಹೋದದ್ದಽ ಗೊತ್ತಾಗಲಿಲ್ಲ. ಅವನ ಬೊಗಳು ಕೇಳಿ ನಾವು ಸಿಲಿಂಡರ್ ಹೊರಗ ಇಡ್ತಿದ್ವಿ. ನೀವು ಉತ್ತರ ಬರೀಬೇಕಂತಿಲ್ಲ. ಮಾತಾಡ್ಬೇಕು ಅನಿಸಿದಾಗ ಬರ್ತೀನಿ.”

ಇದರಲ್ಲಿ ‘ಉತ್ತರ ಬರೀಬೇಕಂತಿಲ್ಲ’ ಅನ್ನೋದು ಸುಮ್ನೆ ಹಾಕಿದ ಸಾಲಲ್ಲ. ಮನುಷ್ಯರು ಹೋದಾಗ ಉತ್ತರ ಬರೆಯಲು ಮನೆಯಲ್ಲಿ ಬೇರೆ ಯಾರೋ ಇರುತ್ತಾರೆ. ಇಲ್ಲಿ ಅತ್ತುಕೊಂಡು ಕೂತವರೇ ಧನ್ಯವಾದವನ್ನೂ ಟೈಪ್ ಮಾಡಬೇಕು.

ಇಷ್ಟು ಬರೆದು ಮುಗಿಸಬೇಡಿ. ಪ್ರಾಣಿಯ ದುಃಖ ದಿನಚರಿಯಲ್ಲಿ ಕೂತಿರುತ್ತದೆ. ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೋಗುವ ಹೊತ್ತು, ಮಧ್ಯಾಹ್ನ ಊಟದ ಹೊತ್ತು, ಗೇಟ್ ತೆಗೆದ ಕೂಡಲೇ ಓಡಿ ಬರುವ ಸದ್ದು ಇಲ್ಲದ ಹೊತ್ತು. ಮೊದಲ ದಿನದ ಮೆಸೇಜಿಗಿಂತ ಹತ್ತನೇ ದಿನ ಬೆಳಿಗ್ಗೆ “ಕಾಕು, ಕ್ಯಾಂಪಸ್ ಕಡೆ ಹೊಂಟೀನಿ, ಬರ್ತೀರೇನು?” ಅಂತ ಕೇಳಿದ್ದು ಅವರಿಗೆ ಹೆಚ್ಚು ಬೇಕಾಗಿತ್ತು. ಮೋತಿ ಜೊತೆ ಅವರು ಹೋಗುತ್ತಿದ್ದದ್ದು ಅದೇ ವಿಶ್ವವಿದ್ಯಾಲಯದ ರಸ್ತೆಯಲ್ಲಿ. ಮೊದಲ ದಿನ ಬೇಡ ಅಂದರು. ನಾಲ್ಕನೇ ಸಲ ಕೇಳಿದಾಗ ಬಂದರು.

ಒಂಟಿಯಾಗಿರುವ ಹಿರಿಯರ ಮೇಲೆ ಸ್ವಲ್ಪ ಹೆಚ್ಚು ಕಣ್ಣಿಡಿ. ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ, “ನಾನ್ಯಾಕ ಇರಬೇಕು” ಅನ್ನೋ ಥರ ಮಾತಾಡಿದರೆ ಅದು ನಿಮ್ಮ ಮೆಸೇಜಿನ ಕೈಲಿ ಆಗುವ ಕೆಲಸವಲ್ಲ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ನಾಯಿ ಸತ್ತದ್ದಕ್ಕೆ ಅಲ್ಲಿಗೆ ಹೋಗೋದಾ ಅಂತ ಅವರು ಸಂಕೋಚ ಪಟ್ಟರೆ ನೀವೇ ಜೊತೆಗೆ ಕರೆದುಕೊಂಡು ಹೋಗಿ.

ಎರಡು ತಿಂಗಳು ಆದ ಮೇಲೆ ಒಂದು ಸಂಜೆ ಕಾಕು ಮನೆಗೆ ಹೋಗಿದ್ದೆ. ಭಕ್ರಿ ಬಡಿಯುತ್ತಿದ್ದರು. ಇಬ್ಬರಿಗೆ ಅಂತ ನಾಲ್ಕು ಸಾಕಿತ್ತು, ಬುಟ್ಟಿಯಲ್ಲಿ ಐದು ಇದ್ದವು. “ಕೈ ಕೇಳೂದಿಲ್ಲಪಾ, ಒಂದು ಜಾಸ್ತಿ ಬಡದಽ ಬಿಡ್ತದ” ಅಂದರು. ತಿರುವಿನಲ್ಲಿ ಮಲಗುವ ಕುಂಟ ನಾಯಿಗೆ ಅದನ್ನು ಹಾಕಿ ಬರುತ್ತಾರಂತೆ. “ಅದನ್ನಽ ಸಾಕ್ರಿ” ಅನ್ನೋ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಭಕ್ರಿ ತಗೊಂಡು ಅವರ ಜೊತೆ ತಿರುವಿನ ತನಕ ಹೋಗಿ ಬಂದೆ.